ಹಗಲು ಮಾತಿಗೆ, ಇರುಳು ಕಡತಕ್ಕೆ

ಪರಊರಿನಲ್ಲಿ ಸಂಸಾರ ಹೂಡಿದವರಿಗೆ ರಾತ್ರಿ ಎಂಟು ಗಂಟೆಯ ವಿಡಿಯೋ ಕರೆ ಎಂಥದೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ. ಪುಣೆಯ ನಮ್ಮ ಮನೆಯಲ್ಲಿ ಆ ಹೊತ್ತು ಧಾರವಾಡದ ಅವ್ವನಿಗೆ ಮೀಸಲು. ಹೀಗಿರಲು, ಸಂಘದ ರಾಜ್ಯೋತ್ಸವ ನಾಟಕದ ಚಿತ್ರೀಕರಣವನ್ನು ಎಲ್ಲ ಸದಸ್ಯರೂ ನೋಡುವಂತೆ ಅಂತರ್ಜಾಲದ ಕಣಜಕ್ಕೆ ಏರಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಒಟ್ಟು 18 ಜಿಬಿ. ಸಂಜೆ ಆರಕ್ಕೆ ಅಪ್‌ಲೋಡ್ ಹಚ್ಚಿ, ಎಂಟಕ್ಕೆ ಅವ್ವನ ಮುಂದೆ ಕುಳಿತೆವು.

“ಬಾಯಿ ಅಲ್ಲಾಡತದ, ಮಾತ ಕೇಳಿಸವಲ್ಲದು. ಅಲ್ಲೆ ಮಳಿ ಹತ್ತ್ಯದೇನೋ?” ಎಂದಳು ಅವ್ವ.

ಮಳೆ ಇರಲಿಲ್ಲ. ಒಳಕೋಣೆಯಿಂದ ಮಗಳು, ತನ್ನ ಪಾಠದ ಪುಟವೇ ತೆರೆಯುತ್ತಿಲ್ಲವೆಂದು ಕೂಗಿದಳು. ನಮಗೆ ಸೋಜಿಗವಾದುದು ಇಲ್ಲಿಯೇ. ನಾವು ಕಳಿಸುತ್ತಿದ್ದುದು ಹೊರಕ್ಕೆ. ಮಗಳಿಗೆ ಬೇಕಾದುದು ಒಳಕ್ಕೆ. ಹೊರದಾರಿ ತುಂಬಿದರೆ ಒಳದಾರಿ ಏಕೆ ಕಟ್ಟಿಕೊಳ್ಳಬೇಕು?

ಇದೇ ಒಗಟು ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಎಂಜಿನಿಯರರಿಗೆ 2010ರಲ್ಲಿ ತಮ್ಮ ಮನೆಯಲ್ಲಿಯೇ ಎದುರಾಯಿತು. ಅವರು ದೊಡ್ಡ ಕಡತಗಳನ್ನು ಹೊರಗೆ ಕಳಿಸುತ್ತಿದ್ದಾಗ ಮನೆಯ ಸಂಪರ್ಕವೆಲ್ಲ ಕುಂಟಿತು. ಬೆನ್ನುಹತ್ತಿ ಹುಡುಕಿದ ಅವರು ಆ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ರೋಗದ ಮೂಲ ತಂತಿಯಲ್ಲಲ್ಲ, ಮೋಡೆಮ್ಮಿನ ಒಳಗಿನ ಸಾಲಿನಲ್ಲಿ.

ಅಂಚೆ ಕಚೇರಿಯ ಒಂದೇ ಕಿಟಕಿಯನ್ನು ನೆನೆಯಿರಿ. ಗುಮಾಸ್ತ ನಿಮಿಷಕ್ಕೆ ಹತ್ತು ಕಾಗದಗಳಿಗೆ ಮೊಹರು ಒತ್ತಬಲ್ಲ. ಯಾರೋ ಒಬ್ಬರು ಚೀಲದ ತುಂಬ ಕಾಗದ ತಂದು ಅವನ ಮೇಜಿನ ಮೇಲೆ ಸುರಿದರೆ, ಹಿಂದೆ ಒಂದೇ ಒಂದು ಕಾರ್ಡು ಹಿಡಿದು ನಿಂತ ಅಜ್ಜಿ ಆ ರಾಶಿಯೆಲ್ಲ ಮುಗಿಯುವತನಕ ಕಾಯಬೇಕು. ಕಿಟಕಿ ಕಿರಿದೆಂಬುದಲ್ಲ ಅವಳ ಕಷ್ಟ. ಮುಂದಿನ ರಾಶಿಯೇ ಅವಳ ಕಷ್ಟ. ಇನ್ನು ಒಳಗೆ ಬರುವ ಪುಟಕ್ಕೂ, ‘ಇಷ್ಟು ಮುಟ್ಟಿತು, ಮುಂದಿನದು ಕಳಿಸಿ’ ಎಂಬ ಪುಟ್ಟ ರಸೀದಿಗಳು ನಮ್ಮ ಕಡೆಯಿಂದ ಹೊರಗೆ ಹೋಗುತ್ತಲೇ ಇರಬೇಕು. ಆ ರಸೀದಿಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡುದರಿಂದಲೇ ಮಗಳ ಪಾಠ ನಿಂತದ್ದು.

ಇದನ್ನು ಕಣ್ಣಾರೆ ಕಾಣಲು ವಿಂಡೋಸ್ ಗಣಕದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆದರಾಯಿತು:

```
ping -n 20 8.8.8.8
```

ಒಂದು ಸಣ್ಣ ಸಂದೇಶ ಹೋಗಿ ಮರಳಲು ಹಿಡಿಯುವ ಕಾಲವನ್ನು ಇದು ಇಪ್ಪತ್ತು ಸಲ ಅಳೆದು ತೋರಿಸುತ್ತದೆ. ನಮ್ಮಲ್ಲಿ ಏನೂ ನಡೆಯದಾಗ 15 ಮಿಲಿಸೆಕೆಂಡು ಇದ್ದುದು, ಅಪ್‌ಲೋಡ್ ನಡೆದಾಗ 600ಕ್ಕೆ ಏರಿತ್ತು. ಮಾತಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚಿನ ತಡವೆಂದರೆ ಇಬ್ಬರೂ ಒಮ್ಮೆಗೇ ಮಾತಾಡಿ, ಒಮ್ಮೆಗೇ ಸುಮ್ಮನಾಗುವ ಪರಿಸ್ಥಿತಿ.

ಮದ್ದು ಸರಳವಾದುದು. ಚೀಲ ತಂದವರು ನಿಮಿಷಕ್ಕೆ ಎಂಟೇ ಕಾಗದ ಕೊಟ್ಟರೆ ಮೇಜಿನ ಮೇಲೆ ರಾಶಿಯೇ ಬೀಳದು. ಅಜ್ಜಿಯ ಕಾರ್ಡು ಬಂದೊಡನೆ ಹೋಗುತ್ತದೆ. ಅಂದರೆ ಸಂಪರ್ಕದ ಅಪ್‌ಲೋಡ್ ವೇಗವನ್ನು ಅಳೆದು, ನೂರಕ್ಕೆ ಎಂಬತ್ತರಷ್ಟಕ್ಕೆ ನಾವೇ ಕಡಿವಾಣ ಹಾಕಿಕೊಳ್ಳುವುದು. ಅಳೆಯುವುದು ಸಂಜೆಯ ಹೊತ್ತಿನಲ್ಲಿಯೂ ಆಗಬೇಕು, ಏಕೆಂದರೆ ಬೀದಿಯೆಲ್ಲ ಬಳಸುವಾಗ ವೇಗ ಇಳಿಯುವುದುಂಟು. ಎರಡರಲ್ಲಿ ಕಡಿಮೆಯದನ್ನೇ ನಂಬಬೇಕು. ನಮ್ಮದು ಸೆಕೆಂಡಿಗೆ 8 ಮೆಗಾಬಿಟ್ ಬಂದಿತು.

ಇಲ್ಲಿ ನಾವೇ ಒಂದು ಪೆಟ್ಟು ತಿಂದೆವು. 8 ಮೆಗಾಬಿಟ್ಟಿನ ಎಂಬತ್ತರಷ್ಟು 6400 ಕಿಲೋಬಿಟ್ ಎಂದು ಲೆಕ್ಕ ಹಾಕಿ, ಕಡಿವಾಣದ ಮನೆಯಲ್ಲಿ 6400 ಎಂದೇ ಬರೆದೆವು. ಪಿಂಗ್ ಕದಲಲಿಲ್ಲ, 600ರಲ್ಲಿಯೇ ನಿಂತಿತು. ಕಾರಣವೇನೆಂದರೆ, ವೇಗ ಅಳೆಯುವವರು ಬಿಟ್ಟಿನಲ್ಲಿ ಹೇಳುತ್ತಾರೆ, ಕಡತ ಕಳಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಬೈಟಿನಲ್ಲಿ ಕೇಳುತ್ತವೆ. ಎಂಟು ಬಿಟ್ಟಿಗೆ ಒಂದು ಬೈಟು. 6400ನ್ನು ಎಂಟರಿಂದ ಭಾಗಿಸಿದರೆ 800, ಬರೆಯಬೇಕಾದುದು ಅದು. ಬರೆದ ಮೇಲೆ ಪಿಂಗ್ 25ರ ಆಸುಪಾಸಿಗೆ ಇಳಿಯಿತು.

ಇನ್ನು ಉಳಿದುದು ಹೊತ್ತಿನ ಪ್ರಶ್ನೆ. 800 ಕಿಲೋಬೈಟಿನ ವೇಗದಲ್ಲಿ 18 ಜಿಬಿಗೆ ಸುಮಾರು ಆರೂಕಾಲು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಹಚ್ಚಿದರೆ ಬೆಳಗಿನ ಐದೂಕಾಲಕ್ಕೆ ಮುಗಿಯುತ್ತದೆ. ಎಲ್ಲರೂ ಮಲಗಿದ ಮೇಲೆ ಕಡಿವಾಣವೇಕೆ ಎನ್ನಬಹುದು. ಅದನ್ನು ತೆಗೆದರೆ ಉಳಿಯುವುದು ಒಂದೂಕಾಲು ಗಂಟೆ ಮಾತ್ರ. ನಸುಕಿನಲ್ಲಿ ಊರಿನಿಂದ ಬರುವ ಅವಸರದ ಕರೆಗೆ ಅಡ್ಡಿಯಾಗದಿರುವುದು ಅದಕ್ಕಿಂತ ಮೇಲೆಂದು ನಮಗೆ ತೋರಿತು.

ಹೊತ್ತಿಗೆ ತಕ್ಕಂತೆ ವೇಗ ಬದಲಿಸುವ ಕೆಲಸಕ್ಕೆ ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶವನ್ನು ಆಯ್ದುಕೊಂಡೆವು. ಮೊದಲ ಸಲ `rclone config` ಎಂದು ಬರೆದು, ಅದು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ನಮ್ಮ ಖಾತೆಯನ್ನು ಜೋಡಿಸಬೇಕು. ನಾವು ಆ ಜೋಡಣೆಗೆ gdrive ಎಂದು ಹೆಸರಿಟ್ಟೆವು. ಆಮೇಲೆ ಮಲಗುವ ಮುನ್ನ ಇದೊಂದು ಸಾಲು:

```
rclone copy D:\nataka gdrive:nataka --bwlimit "06:00,150k 23:00,800k"
```

ಇದರ ಅರ್ಥ: ರಾತ್ರಿ ಹನ್ನೊಂದರಿಂದ 800, ಬೆಳಗಿನ ಆರರಿಂದ 150. ಕೆಲಸ ಆರರೊಳಗೆ ಮುಗಿಯದಿದ್ದರೂ ತಾನಾಗಿ ನಿಧಾನಕ್ಕೆ ಇಳಿದು, ಮನೆಯವರಿಗೆ ದಾರಿ ಬಿಡುತ್ತದೆ. ಈ ಕಿಟಕಿಯನ್ನು ಮುಚ್ಚಕೂಡದು. ಮುಚ್ಚಿದರೆ ಕೆಲಸವೂ ನಿಂತಿತು.

ಮೊದಲ ರಾತ್ರಿ ನಮ್ಮದು ಅರ್ಧಕ್ಕೇ ನಿಂತಿತು. ಯಾರೂ ಮುಟ್ಟದ ಗಣಕ ಅರ್ಧ ಗಂಟೆಗೆ ತಾನೂ ನಿದ್ದೆ ಹೋಗಿತ್ತು. ವಿದ್ಯುತ್ತಿನ ಸೆಟ್ಟಿಂಗಿನಲ್ಲಿ, ಚಾರ್ಜರು ಹಚ್ಚಿದಾಗ ನಿದ್ದೆ ಹೋಗಬಾರದೆಂದು ಹೇಳಿಡಬೇಕು. ಪರದೆ ಆರಿದರೆ ಚಿಂತೆಯಿಲ್ಲ. ಎರಡನೆಯ ಮಾತು: ನಡುವೆ ಕರೆಂಟು ಹೋದರೆ, ಅದೇ ಸಾಲನ್ನು ಮತ್ತೆ ಬರೆದಾಗ ಪೂರ್ತಿ ಹೋದ ಕಡತಗಳನ್ನು ಆರ್‌ಕ್ಲೋನ್ ಬಿಟ್ಟು ಮುಂದುವರಿಯುತ್ತದೆ, ಆದರೆ ಅರ್ಧ ಹೋದ ಕಡತವನ್ನು ಮೊದಲಿನಿಂದ ಕಳಿಸುತ್ತದೆ. ಆದುದರಿಂದ ನಾಟಕವನ್ನು ಅಂಕಕ್ಕೊಂದರಂತೆ ಆರು ಕಡತಗಳನ್ನಾಗಿ ಇಟ್ಟೆವು. ಎಲ್ಲ ಮುಗಿದ ಮೇಲೆ `rclone check D:\nataka gdrive:nataka` ಎಂದು ಬರೆದು, `0 differences found` ಎಂಬುದನ್ನು ನೋಡಿದ ಹೊರತು ಮೂಲವನ್ನು ಅಳಿಸಲಿಲ್ಲ.

ಈ ಕಡಿವಾಣಕ್ಕೆ ಒಂದು ಮಿತಿಯುಂಟು. ಅದು ತನ್ನ ಕೆಲಸವನ್ನಷ್ಟೇ ತಡೆಯಬಲ್ಲುದು, ಮನೆಯ ಉಳಿದ ಯಂತ್ರಗಳನ್ನಲ್ಲ. ಮರುವಾರ ಎಂಟು ಗಂಟೆಗೆ ಮತ್ತೆ ಅವ್ವನ ಮಾತು ತುಂಡಾಯಿತು. ಗಣಕ ಏನನ್ನೂ ಕಳಿಸುತ್ತಿರಲಿಲ್ಲ, ಆದರೂ ಪಿಂಗ್ 500 ತೋರಿಸುತ್ತಿತ್ತು. ಒಂದೊಂದೇ ಫೋನಿನ ವೈಫೈ ಆರಿಸುತ್ತ ಬಂದೆವು. ಮನೆಯಾಕೆಯ ಫೋನಿನದು ಆರಿದೊಡನೆ ಪಿಂಗ್ ಇಳಿಯಿತು. ಮದುವೆಯ ಮನೆಯಿಂದ ಬಂದಿದ್ದ ಫೋಟೋ, ವಿಡಿಯೋಗಳು ಸದ್ದಿಲ್ಲದೆ ಏರುತ್ತಿದ್ದವು. ಈಗ ಆ ಬ್ಯಾಕಪ್ಪನ್ನು ಹಗಲಲ್ಲಿ ಆರಿಸಿ, ಮಲಗುವಾಗ ಹಚ್ಚುತ್ತೇವೆ. ರೌಟರಿನಲ್ಲಿಯೇ ಒಟ್ಟು ಅಪ್‌ಲೋಡಿಗೆ ಮಿತಿ ಹಾಕುವ ಸೌಕರ್ಯವಿದ್ದವರು ಅಲ್ಲಿಯೇ ಹಾಕಿಬಿಟ್ಟರೆ ಇಷ್ಟೂ ಓಡಾಟ ತಪ್ಪುತ್ತದೆ. ನಮ್ಮ ರೌಟರಿನಲ್ಲಿ ಅದಿರಲಿಲ್ಲ.

ನಾಟಕ ಈಗ ಸದಸ್ಯರೆಲ್ಲರ ಕೈಯಲ್ಲಿದೆ. ಅವ್ವನಿಗೂ ಕೊಂಡಿ ಕಳಿಸಿದ್ದೆವು. ಎಂಟು ಗಂಟೆಗೆ ಕರೆಮಾಡಿ, ಎರಡನೆಯ ಅಂಕದಲ್ಲಿ ನಮ್ಮ ಮೀಸೆ ಜಾರಿದುದನ್ನು ಆಕೆ ನಕ್ಕು ಹೇಳಿದಳು. ಒಂದು ಮಾತೂ ತುಂಡಾಗದೆ ಕೇಳಿಸಿತು.