ಜರ್ಮನ್ ಪ್ರಶ್ನೆಗಳು: ಎಲ್ಲಿ, ಎಲ್ಲಿಂದ, ಎಲ್ಲಿಗೆ

ಜರ್ಮನ್ ಭಾಷೆಯಲ್ಲಿ ಸ್ಥಳವನ್ನು ವಿಚಾರಿಸಲು ಮೂರು ಪದಗಳಿವೆ. ಇರುವ ಜಾಗಕ್ಕೆ ‘ವೋ’, ಬಂದ ಜಾಗಕ್ಕೆ ‘ವೋಹೇರ್’, ಹೋಗುವ ಜಾಗಕ್ಕೆ ‘ವೋಹಿನ್’. ಕನ್ನಡದ ಎಲ್ಲಿ, ಎಲ್ಲಿಂದ, ಎಲ್ಲಿಗೆ ಎಂಬ ಪದಗಳೊಂದಿಗೆ ಇವು ಸೊಗಸಾಗಿ ಹೊಂದುತ್ತವೆ. ಉತ್ತರವೂ ಹಾಗೆಯೇ: ಮೈಸೂರಿನಲ್ಲಿ ಎಂದರೆ ‘ಇನ್ ಮೈಸೂರು’, ಮೈಸೂರಿನಿಂದ ಎಂದರೆ ‘ಔಸ್ ಮೈಸೂರು’, ಮೈಸೂರಿಗೆ ಎಂದರೆ ‘ನಾಖ್ ಮೈಸೂರು’. ಇಂಗ್ಲಿಷಿನ ‘ವೇರ್’ ಈ ಮೂರಕ್ಕೂ ಒಂದೇ ಆಗಿ ಬಳಕೆಯಾಗುವುದರಿಂದ, ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವವರು ‘ವೋ ಗೇಸ್ಟ್ ಡೂ?’ ಎಂದುಬಿಡುತ್ತಾರೆ. ನೀನು ಎಲ್ಲಿಗೆ ಹೋಗುತ್ತೀ ಎಂಬುದಕ್ಕೆ ‘ವೋಹಿನ್ ಗೇಸ್ಟ್ ಡೂ?’ ಎನ್ನಬೇಕು. ಆಡುಮಾತಿನಲ್ಲಿ ಪದವನ್ನು ಒಡೆದು ‘ವೋ ಗೇಸ್ಟ್ ಡೂ ಹಿನ್?’ ಎನ್ನುವುದೂ ಉಂಟು. ಆಗಲೂ ಕೊನೆಯ ‘ಹಿನ್’ ಬಿಡುವಂತಿಲ್ಲ.

ಆದರೆ ಕನ್ನಡವನ್ನೇ ಪೂರ್ತಿ ನಂಬಿದರೂ ಒಂದು ಕಡೆ ಎಡವಬೇಕಾಗುತ್ತದೆ. ‘ಪುಸ್ತಕ ಎಲ್ಲಿ ಇಟ್ಟೆ?’ ಎಂದು ಕನ್ನಡ ಕೇಳುತ್ತದೆ. ಇಡುವಾಗ ಪುಸ್ತಕ ಕೈಯಿಂದ ಮೇಜಿನ ಕಡೆಗೆ ಸಾಗುತ್ತದೆ, ಆದ್ದರಿಂದ ಜರ್ಮನ್‌ಗೆ ಇದು ಎಲ್ಲಿಗೆ ಎಂಬ ಪ್ರಶ್ನೆ: ‘ವೋಹಿನ್ ಹಾಸ್ಟ್ ಡೂ ಡಾಸ್ ಬೂಖ್ ಗೆಲೇಕ್ಟ್?’ ಉತ್ತರ ‘ಔಫ್ ಡೇನ್ ಟಿಶ್’, ಮೇಜಿನ ಮೇಲಕ್ಕೆ. ಇಟ್ಟ ಪುಸ್ತಕ ಈಗ ಎಲ್ಲಿದೆ ಎಂದು ಕೇಳಿದರೆ ಮಾತ್ರ ‘ವೋ ಲೀಕ್ಟ್ ಡಾಸ್ ಬೂಖ್?’, ಉತ್ತರ ‘ಔಫ್ ಡೇಮ್ ಟಿಶ್’. ‘ಡೇನ್’ ‘ಡೇಮ್’ ಆದದ್ದು ಚಲನೆ ನಿಂತಿತು ಎಂಬುದರ ಗುರುತು. ಎಲ್ಲಿ ಕೂರಲಿ ಎಂದು ಕೇಳುವಾಗಲೂ ‘ವೋಹಿನ್’ ಬರುತ್ತದೆ. ಸಂದೇಹವಾದರೆ ಆ ಕ್ರಿಯೆಯಿಂದ ವಸ್ತುವಿನ ಜಾಗ ಬದಲಾಗುತ್ತದೆಯೇ ಎಂದು ನೋಡಬೇಕು.

ಪ್ರಶ್ನಾಪದದಿಂದ ಶುರುವಾಗುವ ಈ ವಾಕ್ಯಗಳಲ್ಲೆಲ್ಲ ಕ್ರಿಯಾಪದ ಎರಡನೆಯ ಸ್ಥಾನದಲ್ಲಿರುತ್ತದೆ, ಕರ್ತೃ ಅದರ ಹಿಂದೆಯೇ ಬರುತ್ತದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯಲ್ಲಿ ಪ್ರಶ್ನಾಪದವೇ ಇಲ್ಲದ್ದರಿಂದ ಕ್ರಿಯಾಪದ ಮೊದಲಿಗೇ ಬರುತ್ತದೆ. ‘ಝೀ ಫಾರೆನ್ ಮೋರ್ಗೆನ್ ನಾಖ್ ಬರ್ಲಿನ್’ ಎಂದರೆ ನೀವು ನಾಳೆ ಬರ್ಲಿನ್‌ಗೆ ಹೋಗುತ್ತೀರಿ. ಮೊದಲೆರಡು ಪದಗಳನ್ನು ಅದಲುಬದಲು ಮಾಡಿ ‘ಫಾರೆನ್ ಝೀ ಮೋರ್ಗೆನ್ ನಾಖ್ ಬರ್ಲಿನ್?’ ಎಂದರೆ ಹೋಗುತ್ತೀರಾ ಎಂದಾಯಿತು. ಕನ್ನಡ ಕ್ರಿಯಾಪದದ ತುದಿಗೆ ‘ಆ’ ಸೇರಿಸಿ ಮಾಡುವ ಕೆಲಸವನ್ನು ಜರ್ಮನ್ ಸ್ಥಾನ ಬದಲಿಸಿ ಮಾಡುತ್ತದೆ. ಇಂಗ್ಲಿಷಿನ ‘ಡೂ’ನಂಥ ಸಹಾಯಕ ಪದ ಇಲ್ಲಿ ಬೇಕಿಲ್ಲ. ಕ್ರಿಯಾಪದ ಎರಡು ಭಾಗವಾಗಿದ್ದರೆ, ಹಿಂದೆ ಕಂಡ ‘ಹಾಸ್ಟ್’ ಮತ್ತು ‘ಗೆಲೇಕ್ಟ್’ಗಳಂತೆ, ಮೊದಲನೆಯದು ಮಾತ್ರ ಮುಂದೆ ಬಂದು ಉಳಿದದ್ದು ಕೊನೆಯಲ್ಲೇ ಇರುತ್ತದೆ.

ದನಿಯ ಬಗ್ಗೆಯೂ ಎಚ್ಚರ ಬೇಕು. ‘ಕೊಮ್ಮೆನ್ ಝೀ’ ಎಂಬುದನ್ನು ದನಿ ಏರಿಸಿ ಹೇಳಿದರೆ ಬರುತ್ತೀರಾ ಎಂಬ ಪ್ರಶ್ನೆ, ಇಳಿಸಿ ಹೇಳಿದರೆ ಬನ್ನಿ ಎಂಬ ಕರೆ. ‘ಕೊಮ್ಮೆನ್ ಝೀ ನಿಶ್ಟ್?’, ಬರುವುದಿಲ್ಲವೇ ಎಂದು ಯಾರಾದರೂ ಕೇಳಿದಾಗ, ಬರುವವರು ‘ಯಾ’ ಎನ್ನದೆ ‘ಡೋಖ್’ ಎನ್ನಬೇಕು.