ಕೆಲಸ ಹುಡುಕುವವರು ಟೈಪ್ ಮಾಡುವ ಹೆಸರು

ಜಾಬ್ ಪೋರ್ಟಲ್‌ಗಳಲ್ಲಿ ಕೆಲಸ ಹುಡುಕುವವರು ಸಾಮಾನ್ಯವಾಗಿ ಟೈಪ್ ಮಾಡುವುದು ಕೆಲವೇ ಪದ: ಕೆಲಸದ ಹೆಸರು, ಜೊತೆಗೆ ಊರಿನ ಹೆಸರು. ಈ ಪದಗಳು ಜಾಹೀರಾತಿನ ಶೀರ್ಷಿಕೆಯಲ್ಲೇ ಇದ್ದರೆ ಅದು ಅವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು; ವಿವರಣೆಯ ಕೊನೆಯಲ್ಲೆಲ್ಲೋ ಅಡಗಿದ್ದರೆ ಕಡಿಮೆ. ಹೊಸ ಕೆಲಸ ಬಂದಾಗ ಮೊಬೈಲಿಗೆ ಸಂದೇಶ ಬರಲೆಂದು ಅಭ್ಯರ್ಥಿಗಳು ಇಟ್ಟುಕೊಳ್ಳುವ ಜಾಬ್ ಅಲರ್ಟ್ ಕೂಡ ಇಂಥ ಪದಗಳನ್ನೇ ನಂಬಿರುತ್ತದೆ.

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಗೆ ಆಳು ಬೇಕಾಗಿದೆ ಎಂದುಕೊಳ್ಳೋಣ. ಸಂಬಳದ ಪಟ್ಟಿಯಲ್ಲಿ ಆ ಹುದ್ದೆಯ ಹೆಸರು ‘ಟೀಮ್ ಮೆಂಬರ್ ಎಸ್-3, ಮೆಷಿನ್ ಶಾಪ್’. ಎಚ್‌ಆರ್ ವಿಭಾಗ ಅದನ್ನೇ ಪೋರ್ಟಲ್‌ಗೆ ಹಾಕುತ್ತದೆ. ಒಳಗಿನವರಿಗೆ ಎಸ್-3 ಎಂದರೆ ಯಾವ ದರ್ಜೆ, ಯಾವ ಸಂಬಳ ಎಂದು ತಕ್ಷಣ ಗೊತ್ತಾಗುತ್ತದೆ. ಐಟಿಐನಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಕಲಿತು ಕೆಲಸ ಅರಸುತ್ತಿರುವ ಹುಡುಗನಿಗೆ ಅದರಿಂದ ಏನೂ ತಿಳಿಯದು. ಅವನು ಹುಡುಕುವುದು ‘ಸಿಎನ್‌ಸಿ ಆಪರೇಟರ್’ ಎಂದು.

ಹಾಗೆಂದು ಎಲ್ಲ ಯಂತ್ರಗಳಿಗೂ ‘ಸಿಎನ್‌ಸಿ ಆಪರೇಟರ್’ ಎಂದು ಬರೆದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಶಾಪ್‌ಫ್ಲೋರ್‌ನ ಮಾತಿನಲ್ಲಿ ಸಿಎನ್‌ಸಿ ಎಂದರೆ ಹೆಚ್ಚಾಗಿ ಟರ್ನಿಂಗ್ ಯಂತ್ರ. ಮಿಲ್ಲಿಂಗ್ ಮಾಡುವ ವರ್ಟಿಕಲ್ ಮೆಷಿನಿಂಗ್ ಸೆಂಟರ್‌ಗೆ ವಿಎಂಸಿ ಎನ್ನುತ್ತಾರೆ. ಅದರ ಮೇಲೆ ಪಳಗಿದವನು ‘ವಿಎಂಸಿ ಆಪರೇಟರ್’ ಎಂದೇ ಹುಡುಕುತ್ತಾನೆ. ಇನ್ನೊಂದು ಗೆರೆ ಕೌಶಲದ್ದು. ಬಿಡಿಭಾಗವನ್ನು ಕೂರಿಸಿ, ಯಂತ್ರ ಓಡಿಸಿ, ಅಳತೆ ನೋಡುವವನು ಆಪರೇಟರ್. ಟೂಲ್ ಜೋಡಿಸಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ಸರಿಯಾಗಿ ಬರುವಂತೆ ಮಾಡುವವನು ಸೆಟರ್. ಸೆಟರ್ ಬೇಕಿದ್ದಾಗ ಆಪರೇಟರ್ ಎಂದು ಬರೆದರೆ ಅರ್ಜಿಗಳೇನೋ ರಾಶಿ ಬೀಳುತ್ತವೆ, ಬೇಕಾದವನು ಮಾತ್ರ ಅದರಲ್ಲಿರುವುದಿಲ್ಲ. ಹಾಗಾಗಿ ಈ ಕಾರ್ಖಾನೆಗೆ ತಕ್ಕ ಶೀರ್ಷಿಕೆ ‘ವಿಎಂಸಿ ಸೆಟರ್ ಕಮ್ ಆಪರೇಟರ್’. ಫ್ಯಾನಕ್ ಕಂಟ್ರೋಲರ್, ಪಾಳಿ, ಅನುಭವದ ವರ್ಷಗಳು ವಿವರಣೆಯ ಮೊದಲ ಸಾಲುಗಳಲ್ಲಿ ಬಂದರೆ ಸಾಕು.

ಸರಿಯಾದ ಹೆಸರು ಯಾವುದೆಂದು ಕಂಡುಕೊಳ್ಳಲು ದೊಡ್ಡ ಸಲಕರಣೆ ಬೇಕಿಲ್ಲ. ಅದೇ ಕೆಲಸ ಮಾಡುತ್ತಿರುವವರು ತಮ್ಮ ರೆಸ್ಯೂಮೆಯಲ್ಲಿ ಏನು ಬರೆದುಕೊಂಡಿದ್ದರು ಎಂದು ನೋಡುವುದು ಒಳ್ಳೆಯ ಆರಂಭ. ಪೋರ್ಟಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಮೊದಲ ಕೆಲವು ಅಕ್ಷರ ಒತ್ತಿದರೆ ಬರುವ ಸಲಹೆಗಳೂ ಸುಳಿವು ಕೊಡುತ್ತವೆ. ಎರಡು ಹೆಸರುಗಳ ನಡುವೆ ಗೊಂದಲವಿದ್ದರೆ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿ ಹೋಲಿಸಬಹುದು. ಆದರೆ ತೀರಾ ಕಡಿಮೆ ಜನ ಹುಡುಕುವ ಪದಗಳಿಗೆ ಅಲ್ಲಿ ಅಂಕಿಯೇ ಸಿಗದು. ಸರ್ಕಾರಿ ವರ್ಗೀಕರಣಗಳನ್ನು ಕಣ್ಣುಮುಚ್ಚಿ ನಕಲು ಮಾಡುವುದೂ ತರವಲ್ಲ. ಅಮೆರಿಕದ ಒನೆಟ್ ಕೋಶದಲ್ಲಿ ಈ ವೃತ್ತಿಯ ಅಧಿಕೃತ ಹೆಸರು ‘ಕಂಪ್ಯೂಟರ್ ನ್ಯೂಮರಿಕಲಿ ಕಂಟ್ರೋಲ್ಡ್ ಟೂಲ್ ಆಪರೇಟರ್ಸ್’. ಅಷ್ಟುದ್ದ ಟೈಪ್ ಮಾಡುವ ತಾಳ್ಮೆ ಯಾರಿಗಿದೆ? ಆ ಕೋಶವೇ ರೂಢಿಯ ಪರ್ಯಾಯ ಹೆಸರುಗಳನ್ನೂ ಪಟ್ಟಿ ಮಾಡಿ ಕೊಡುತ್ತದೆ.

ಶೀರ್ಷಿಕೆಗೆ ಬೇರೆ ಸರಕು ತುರುಕುವುದು ಇನ್ನೊಂದು ಚಾಳಿ: ‘ಅರ್ಜೆಂಟ್!!’, ಸಂಬಳ, ಸಂದರ್ಶನದ ದಿನಾಂಕ, ಕಂಪನಿಯ ಹೆಸರು. ಗೂಗಲ್‌ನ ಉದ್ಯೋಗ ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ವೆಬ್‌ಪುಟದಲ್ಲಿ `JobPosting` ಎಂಬ ಗುರುತು ಹಾಕುವವರಿಗೆ ಗೂಗಲ್ ಕೊಟ್ಟಿರುವ ಸೂಚನೆ ನೇರವಾಗಿದೆ: `title` ಜಾಗದಲ್ಲಿ ಹುದ್ದೆಯ ಹೆಸರಷ್ಟೇ ಇರಬೇಕು, ಜಾಬ್ ಕೋಡ್, ವಿಳಾಸ, ದಿನಾಂಕ, ಸಂಬಳ, ಕಂಪನಿಯ ಹೆಸರು ಕೂಡದು. ಊರಿಗೂ ಸಂಬಳಕ್ಕೂ ಬೇರೆ ಜಾಗಗಳಿವೆ.

```
"title": "VMC Setter cum Operator"
```

‘ಸೇಲ್ಸ್ ನಿಂಜಾ’, ‘ಹ್ಯಾಪಿನೆಸ್ ಆಫೀಸರ್’ನಂಥ ಠೀವಿಯ ಹೆಸರುಗಳಿಗೂ ಒಳಗಿನ ದರ್ಜೆಯ ಕೋಡ್‌ಗಳ ಗತಿಯೇ. ಸೇಲ್ಸ್ ಎಕ್ಸಿಕ್ಯೂಟಿವ್ ಕೆಲಸವನ್ನು ‘ಸೇಲ್ಸ್ ಮ್ಯಾನೇಜರ್’ ಎಂದು ಉಬ್ಬಿಸುವುದರಲ್ಲಿ ಬೇರೆ ತೊಂದರೆಯಿದೆ. ಅಲ್ಲಿ ಹುಡುಕಾಟಕ್ಕೆ ಸಿಗುವುದು ಹೆಚ್ಚು ಸಂಬಳ ನಿರೀಕ್ಷಿಸುವ ಹಿರಿಯರು. ಮೊತ್ತ ಕೇಳಿದೊಡನೆ ಅವರು ಎದ್ದು ಹೋಗುತ್ತಾರೆ.

ತಪ್ಪು ಎಲ್ಲಿದೆಯೆಂದು ಪೋರ್ಟಲ್‌ನ ಅಂಕಿಗಳೇ ಒಂದು ಮಟ್ಟಿಗೆ ತೋರಿಸುತ್ತವೆ. ಜಾಹೀರಾತು ಪಟ್ಟಿಯಲ್ಲಿ ಕಾಣಿಸಿದ್ದೇ ಕೆಲವು ಸಲವಾದರೆ ಮೊದಲು ಅನುಮಾನಿಸಬೇಕಾದ್ದು ಶೀರ್ಷಿಕೆಯನ್ನು. ಕಾಣಿಸಿಕೊಂಡೂ ಯಾರೂ ಒತ್ತಿ ನೋಡದಿದ್ದರೆ ಹೆಸರು ಅಸ್ಪಷ್ಟವಿರಬಹುದು, ಇಲ್ಲವೇ ಪಕ್ಕದಲ್ಲಿ ಕಾಣುವ ಸಂಬಳವೋ ಸ್ಥಳವೋ ಹಿಡಿಸಿರಲಿಕ್ಕಿಲ್ಲ. ಒತ್ತಿ ನೋಡಿದವರು ಅರ್ಜಿ ಹಾಕದೆ ಹೋದರೆ ವಿವರಣೆಯನ್ನೋ ಅರ್ಜಿಯ ಉದ್ದವನ್ನೋ ತಿದ್ದಬೇಕು. ಆಗ ಶೀರ್ಷಿಕೆ ಬದಲಿಸಿ ಪ್ರಯೋಜನವಿಲ್ಲ. ಪರೀಕ್ಷಿಸುವಾಗ ಸಂಬಳ, ವಿವರಣೆ ಹಾಗೇ ಇರಲಿ, ಶೀರ್ಷಿಕೆಯೊಂದೇ ಬದಲಾಗಲಿ. ಇಲ್ಲದಿದ್ದರೆ ಫಲ ಯಾವುದರಿಂದ ಬಂತೆಂದು ಹೇಳಲಾಗದು.

ಇಷ್ಟಾದರೂ ‘ನಮ್ಮ ಪದನಾಮದ ವ್ಯವಸ್ಥೆ ಕೆಡುತ್ತದೆ’ ಎಂಬ ಆಕ್ಷೇಪ ಕಚೇರಿಗಳಲ್ಲಿ ಏಳುತ್ತದೆ. ಅದು ಕೆಡಬೇಕಾಗಿಯೇ ಇಲ್ಲ. ಸಂಬಳದ ಪಟ್ಟಿಯಲ್ಲೂ ನೇಮಕಾತಿ ಪತ್ರದಲ್ಲೂ ‘ಟೀಮ್ ಮೆಂಬರ್ ಎಸ್-3’ ಎಂದೇ ಇರಬಹುದು. ಸಂದರ್ಶನದ ಹೊತ್ತಿಗೇ ಅದನ್ನು ಅಭ್ಯರ್ಥಿಗೆ ತಿಳಿಸಿ, ಜಾಹೀರಾತಿನ ವಿವರಣೆಯಲ್ಲೂ ಒಂದು ಸಾಲು ಸೇರಿಸಿದರೆ ಪತ್ರ ಕೈಗೆ ಬಂದಾಗ ಬೇರೆ ಕೆಲಸ ಕೊಟ್ಟರೆಂಬ ಅನುಮಾನ ಹುಟ್ಟುವುದಿಲ್ಲ.