ಮುಚ್ಚಳ ತೆಗೆದು ಮುಟ್ಟುವ ವಾಚು

ಬಾಗಲೂರು, ಯಲಹಂಕ ಕಡೆ ಒಂದು ಕಾಲಕ್ಕೆ ಮದುವೆ ಗಂಡಿಗೂ ಎಚ್‌ಎಂಟಿ ವಾಚು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೂ ಎಚ್‌ಎಂಟಿ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ಶುರುವಾದ ಗಡಿಯಾರದ ಕೆಲಸ ದೇಶದ ಮಣಿಕಟ್ಟುಗಳನ್ನೆಲ್ಲ ಹಿಡಿದದ್ದು ಎಲ್ಲರಿಗೂ ಗೊತ್ತು. ಜನತಾ, ಪೈಲಟ್ ಎಂಬ ಹೆಸರುಗಳನ್ನು ಇವತ್ತಿಗೂ ಹೇಳುವವರಿದ್ದಾರೆ. ಅದೇ ಕಂಪನಿ ಕಣ್ಣು ಕಾಣದವರಿಗೆಂದು ಮಾಡಿದ ಬ್ರೈಲ್ ವಾಚನ್ನು ನೆನೆಯುವವರು ಮಾತ್ರ ಕಡಿಮೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಹೆಸರು ಬ್ರೈಲ್ ಎಂದಿದ್ದರೂ ಅದನ್ನು ಓದಲು ಬ್ರೈಲ್ ಲಿಪಿ ಕಲಿತಿರಬೇಕಾಗಿಲ್ಲ. ಗಾಜಿಗೆ ಬಾಗಿಲಿನ ಹಾಗೆ ಕೀಲು ಇರುತ್ತದೆ. ಅದನ್ನು ಎತ್ತಿದರೆ ಡಯಲ್ ಮೇಲೆ ಉಬ್ಬಿದ ಚುಕ್ಕೆಗಳು ಸಿಗುತ್ತವೆ. ಮುಖ್ಯ ಗಂಟೆಗಳ ಹತ್ತಿರ ಹೆಚ್ಚು ಚುಕ್ಕೆ, ಉಳಿದೆಡೆ ಒಂದೊಂದೇ. ಮುಳ್ಳುಗಳು ಮಾಮೂಲಿಗಿಂತ ಗಟ್ಟಿ. ಮೊದಲು ಗಿಡ್ಡ ಮುಳ್ಳನ್ನು ಹಗುರಾಗಿ ಸವರಿ, ಆಮೇಲೆ ಉದ್ದನೆಯದನ್ನು ಹುಡುಕಬೇಕು. ಒತ್ತಿದರೆ ಮುಳ್ಳು ಸರಿದು ಸಮಯವೇ ತಪ್ಪಿಹೋಗುತ್ತದೆ.

ಮುಟ್ಟಿ ನೋಡುವ ಗಡಿಯಾರ ಹುಟ್ಟಿದ್ದು ಕುರುಡರಿಗಾಗಿ ಅಲ್ಲ ಎಂಬುದೊಂದು ತಮಾಷೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬ್ರೆಗೆ ಎಂಬ ಗಡಿಯಾರಗಾರ, ನಾಲ್ಕು ಜನರ ನಡುವೆ ಗಡಿಯಾರ ತೆಗೆದು ನೋಡಲು ಸಂಕೋಚಪಡುವ ದೊಡ್ಡ ಮನುಷ್ಯರಿಗಾಗಿ, ಜೇಬಿನೊಳಗೇ ಸವರಿ ತಿಳಿಯುವ ಗಡಿಯಾರ ಮಾಡಿಕೊಟ್ಟ. ಅಲ್ಲಿಂದ ಇಲ್ಲಿಯವರೆಗಿನ ದಾರಿಯನ್ನು ಬಿಟ್ಟುಬಿಡುತ್ತೇನೆ, ಅದು ಬರೀ ಮಾದರಿಗಳ ಪಟ್ಟಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಈಗ ಅವರ ಬ್ರೈಲ್ ವಾಚು ಬೇಕೆಂದರೆ ಹೆಚ್ಚಾಗಿ ಹಳೇ ಮಾಲು ಮಾರುವವರ ಹತ್ತಿರ ಹುಡುಕಬೇಕು.

ಬಾಗಲೂರಿನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗಿದೆ. ರಾತ್ರಿ ಎಚ್ಚರವಾದಾಗ ಬೆಳಗಾಯಿತೋ ಇನ್ನೂ ಎರಡು ಗಂಟೆಯೋ ತಿಳಿಯದೆ ದೊಡ್ಡಮ್ಮನನ್ನು ಎಬ್ಬಿಸಿ ಕೇಳುವುದು ಅವರಿಗೆ ಬೇಸರ. ಸದ್ದಿಲ್ಲದೆ, ದೀಪ ಹಾಕದೆ ಗಂಟೆ ತಿಳಿಯುವ ಈ ವಾಚು ಅವರಿಗೆಂದೇ ಮಾಡಿದ್ದು ಅನ್ನಿಸಿ, ಮನೆಯವರೆಲ್ಲ ದುಡ್ಡು ಹಾಕಿ ಒಂದು ಹಳೆಯದನ್ನು ತಂದರು. ಮುಚ್ಚಳದ ಸ್ಪ್ರಿಂಗ್ ಸರಿಯಿತ್ತು, ಮುಳ್ಳುಗಳು ಚುಕ್ಕೆಗೆ ತಾಗುತ್ತಿರಲಿಲ್ಲ, ರಿಪೇರಿಯವರು ಎಣ್ಣೆಯನ್ನೂ ಬದಲಿಸಿದ್ದರು.

ದೊಡ್ಡಪ್ಪ ಮುಚ್ಚಳ ತೆಗೆದು ಬಹಳ ಹೊತ್ತು ಸವರಿದರು. “ಲೋ, ಎಲ್ಲಾ ನುಣ್ಣಗೇ ಇದೆಯಲ್ಲೋ.”

ಸಕ್ಕರೆ ಕಾಯಿಲೆ ಕಣ್ಣನ್ನಷ್ಟೇ ಹಿಡಿಯುವುದಿಲ್ಲ, ನರಗಳನ್ನೂ ಹಿಡಿಯುತ್ತದೆ. ಪಾದದಿಂದ ಶುರುವಾದ ಜೋಮು ವರ್ಷಗಳು ಕಳೆದಂತೆ ಕೆಲವರಿಗೆ ಬೆರಳ ತುದಿಗೂ ಬರುತ್ತದೆ. ಹುಟ್ಟಿನಿಂದ ಕಣ್ಣಿಲ್ಲದವರ ಪಳಗಿದ ಬೆರಳಿಗೆ ಒದಗುವ ವಾಚು, ಎಪ್ಪತ್ತರಲ್ಲಿ ದೃಷ್ಟಿ ಕಳೆದುಕೊಂಡವರಿಗೂ ಒದಗಬೇಕೆಂದೇನಿಲ್ಲ. ಇದನ್ನು ದುಡ್ಡು ಹಾಕುವ ಮೊದಲೇ ಮನೆಯಲ್ಲಿ ಪರೀಕ್ಷಿಸಬಹುದು. ಒಂದು ರಟ್ಟಿನ ಮೇಲೆ ಫೆವಿಕಾಲ್‌ನಿಂದ ಒಂದೆಡೆ ಒಂದು, ಇನ್ನೊಂದೆಡೆ ಎರಡು, ಮತ್ತೊಂದೆಡೆ ಮೂರು ಸಣ್ಣ ಹನಿ ಇಟ್ಟು ರಾತ್ರಿಯಿಡೀ ಒಣಗಿಸಿ. ಎಲ್ಲೆಲ್ಲಿ ಎಷ್ಟಿವೆ ಎಂದು ಅವರು ಕಣ್ಣು ಮುಚ್ಚಿ ಹೇಳಿದರೆ ವಾಚು ಹುಡುಕಿ.

ಹೇಳಿದರೂ ಇನ್ನೊಂದು ತೊಡಕಿದೆ. ಇದು ದಿನಾ ಕೀಲಿ ಕೊಡಬೇಕಾದ ವಾಚು. ಸಂಧಿವಾತದಿಂದ ಗಂಟುಗಟ್ಟಿದ ಬೆರಳಿಗೆ ಆ ಸಣ್ಣ ತಿರುಪು ಸಿಗುವುದಿಲ್ಲ. ಲಕ್ವ ಹೊಡೆದು ಒಂದು ಕೈ ಬಿದ್ದವರು ಸೋತ ಕೈಗೆ ವಾಚು ಕಟ್ಟಿಕೊಂಡು ಗಟ್ಟಿ ಕೈಯಿಂದ ಮುಟ್ಟಿ ನೋಡಬಹುದು, ಆದರೆ ಬಕಲ್ ಹಾಕಲು ಎರಡು ಕೈ ಬೇಕು. ಅದರ ಬದಲು ಹಿಗ್ಗುವ ಚೈನು ಹಾಕಿಸಿದರೆ ಬಳೆಯಂತೆ ಒಂದೇ ಕೈಯಲ್ಲಿ ಏರಿಸಬಹುದು. ಕೈ ಊದುವವರಿಗೆ ಅದು ಸಡಿಲವಾಗಿರಬೇಕು. ಮುಚ್ಚಳ ಪದೇಪದೇ ತೆರೆಯುವುದರಿಂದ ಧೂಳು, ನೀರು ಒಳಗಿಳಿಯುತ್ತವೆ, ಹಾಗಾಗಿ ಬಚ್ಚಲಿಗೆ ಕಟ್ಟಿಕೊಂಡು ಹೋಗುವ ಹಾಗಿಲ್ಲ.

ಈ ಕೀಲಿಯ ಕಾಟ ತಪ್ಪಿಸಿದವರೂ ಇದ್ದಾರೆ. 2013ರಲ್ಲಿ ಬಂದ ಬ್ರಾಡ್ಲಿ ಎಂಬ ವಾಚಿಗೆ ಮುಳ್ಳುಗಳೇ ಇಲ್ಲ. ಅಯಸ್ಕಾಂತ ಎಳೆಯುವ ಎರಡು ಉಕ್ಕಿನ ಗುಂಡುಗಳಲ್ಲಿ ಮೇಲಿನದು ನಿಮಿಷ, ಅಂಚಿನದು ಗಂಟೆ. ಬೆರಳು ತಾಗಿ ಸರಿದರೆ ಕೈ ಅಲ್ಲಾಡಿಸಿದಾಗ ಮತ್ತೆ ಜಾಗಕ್ಕೆ ಬರುತ್ತವೆ. ಅಫ್ಘಾನಿಸ್ತಾನದಲ್ಲಿ ಕಣ್ಣು ಕಳೆದುಕೊಂಡು 2012ರ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಅಮೆರಿಕದ ನೌಕಾಪಡೆಯ ಅಧಿಕಾರಿ ಬ್ರಾಡ್ಲಿ ಸ್ನೈಡರ್ ಹೆಸರು ಅದಕ್ಕೆ. ಚೆಂದದ ವಸ್ತು, ಬೆಲೆ ಮಾತ್ರ ಜನತಾ ವಾಚಿನದ್ದಲ್ಲ.

ದೊಡ್ಡಪ್ಪನಿಗೆ ಕೊನೆಗೆ ಒದಗಿದ್ದು ಬಿಳಿ ಹಿನ್ನೆಲೆಯಲ್ಲಿ ದಪ್ಪ ಕಪ್ಪು ಅಂಕಿಗಳಿರುವ ಗೋಡೆ ಗಡಿಯಾರ. ಮೊದಲು ಕಿಟಕಿಯ ಎದುರು, ಬಾಗಿಲ ಮೇಲೆ ಹಾಕಿದ್ದರು. ಗಾಜಿನಲ್ಲಿ ಬಿಸಿಲು ಹೊಳೆದು ಅಂಕಿಯೇ ಕಾಣಲಿಲ್ಲ. ಗಾಜು ತೆಗೆಸಿ, ಮಂಚದ ಪಕ್ಕದ ಗೋಡೆಗೆ ಕೂತವರ ಮುಖದ ಮಟ್ಟಕ್ಕೆ ಮೊಳೆ ಹೊಡೆದ ಮೇಲೆ ಹಗಲಿನ ಸಮಸ್ಯೆ ತೀರಿತು. ರಾತ್ರಿಗೆ ಫೋನಿದೆ. ಕಿವಿಗೆ ಹಿಡಿದು ಗುಂಡಿ ಒತ್ತಿದರೆ ಮೆಲ್ಲಗೆ ಕನ್ನಡದಲ್ಲಿ ಗಂಟೆ ಹೇಳುತ್ತದೆ. ಬ್ರೈಲ್ ವಾಚನ್ನು ಅಂಧ ಮಕ್ಕಳಿಗೆ ಪಾಠ ಹೇಳುವ ಪರಿಚಯದ ಮೇಷ್ಟ್ರೊಬ್ಬರು ತೆಗೆದುಕೊಂಡು ಹೋಗಿದ್ದಾರೆ.